ಕೇಳುವ ಕಾಗದ, ತೀರ್ಪಿನ ಕಾಗದ

ಜರ್ಮನಿಯಲ್ಲಿ ನೆಲೆಸಿದ ನಮ್ಮವರ ಮನೆಗೆ ಸರ್ಕಾರಿ ಲಕೋಟೆ ಬಂದರೆ ನಡೆಯುವುದೆಲ್ಲ ಉಲ್ಟಾ. ವಿವರ ಕೇಳಿ ಬಂದ ಪತ್ರ ನೋಡಿ ಗಂಡ ಹೆಂಡತಿ ಇಬ್ಬರಿಗೂ ನಿದ್ದೆ ಇರುವುದಿಲ್ಲ. ಉತ್ತರ ಕೊಟ್ಟ ಮೇಲೆ ಬರುವ ‘ಬೆಶೈಡ್’ ಎಂಬ ಪತ್ರವನ್ನು ಮಾತ್ರ ‘ಅಂತೂ ಮುಗೀತು’ ಎಂದು ಫೈಲಿಗೆ ಸೇರಿಸಿಬಿಡುತ್ತಾರೆ. ನಿಜವಾಗಿ ದುಡ್ಡು ಹೋಗುವುದು ಈ ಎರಡನೆಯ ಪತ್ರದಲ್ಲಿ. ಮೊದಲನೆಯದರ ಗಡುವು ಕೇಳಿದರೆ ಸಾಮಾನ್ಯವಾಗಿ ಹಿಗ್ಗುತ್ತದೆ, ಎರಡನೆಯದರ ಗಡುವು ಯಾರು ಕೇಳಿದರೂ ಹಿಗ್ಗುವುದಿಲ್ಲ.

ಊರಿಗೆ ಕಳಿಸುವ ಹಣದ ವಿಷಯದಲ್ಲೇ ಇದನ್ನು ಹೇಳುತ್ತೇನೆ. ನನ್ನೂರು ರಾಜೋಳಿ, ಗದ್ವಾಲ ಸೀಮೆಯಲ್ಲಿ ತುಂಗಭದ್ರೆಯ ದಂಡೆಯ ಮೇಲಿದೆ. 2009ರ ಅಕ್ಟೋಬರಿನ ನೆರೆಯಲ್ಲಿ ಊರೇ ಮುಳುಗಿತ್ತು. ಮಗ್ಗ ನಂಬಿದ ಮನೆಗಳು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಅಪ್ಪ ಅವ್ವ ಇಬ್ಬರಿಗೂ ಎಪ್ಪತ್ತು ದಾಟಿದೆ, ಗದ್ವಾಲ ಸೀರೆ ನೇಯುವಷ್ಟು ಕಣ್ಣು ಈಗ ಇಬ್ಬರಿಗೂ ಇಲ್ಲ. ಇಬ್ಬರಿಗೂ ಸೇರಿ ತಿಂಗಳಿಗೆ 500 ಯೂರೋ ಕಳಿಸುತ್ತೇನೆ. ಸಂಪಾದನೆಯಿಲ್ಲದ ತಂದೆ ತಾಯಿಗೆ ಹೀಗೆ ಕಳಿಸಿದ ಹಣವನ್ನು ಜರ್ಮನಿಯ ಆದಾಯ ತೆರಿಗೆ ಕಾಯ್ದೆಯ 33ಎ ಕಲಮಿನಡಿ ನಮ್ಮ ಆದಾಯದಿಂದ ಕಳೆಯಬಹುದು. ಅದಕ್ಕೊಂದು ಮಿತಿಯಿದೆ. 2024ಕ್ಕೆ ಒಬ್ಬರಿಗೆ 11,784 ಯೂರೋ. ಆದರೆ ಬದುಕಿನ ಖರ್ಚು ಕಡಿಮೆಯಿರುವ ದೇಶಗಳಿಗೆ ಮಿತಿಯನ್ನು ಇಳಿಸುತ್ತಾರೆ, ಭಾರತಕ್ಕೆ ಕಾಲುಭಾಗ ಮಾತ್ರ. ಅಂದರೆ ಒಬ್ಬರಿಗೆ 2,946, ಇಬ್ಬರಿಗೆ 5,892 ಯೂರೋ. ನಾನು ವರ್ಷಕ್ಕೆ ಕಳಿಸುವ 6,000 ಹೆಚ್ಚುಕಡಿಮೆ ಪೂರ್ತಿ ಇದರಲ್ಲಿ ಬರುತ್ತದೆ.

ಬ್ಯಾಂಕಿನ ದಾಖಲೆಯೊಂದೇ ಸಾಲದು. ಪ್ರತಿಯೊಬ್ಬರ ಹೆಸರಿಗೂ ಬೇರೆ ಬೇರೆ ‘ಉಂಟರ್‌ಹಾಲ್ಟ್ಸ್‌ಎರ್ಕ್ಲೇರುಂಗ್’ ಬೇಕು. ಇವರಿಗೆ ಎಷ್ಟು ಆದಾಯ, ಏನು ಆಸ್ತಿ, ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ತಿಳಿಸಿ ಊರಿನ ಅಧಿಕಾರಿಯಿಂದ ಮೊಹರು ಹಾಕಿಸಿದ ಫಾರ್ಮ್ ಅದು. ಜರ್ಮನ್ ಮತ್ತು ಇಂಗ್ಲಿಷ್ ಎರಡೂ ಇರುವ ಪ್ರತಿ ಸಿಗುತ್ತದೆ. ತೆಲಂಗಾಣ ಸರ್ಕಾರದ 2,016 ರೂಪಾಯಿಯ ಮಾಸಿಕ ಪಿಂಚಣಿ ಬರುತ್ತಿದ್ದರೆ ಅದನ್ನೂ ಬರೆಯಬೇಕು. ಒಂದು ಸಣ್ಣ ವಿನಾಯಿತಿಯನ್ನು ಮೀರಿದ್ದು ಮಿತಿಯಿಂದ ಕಡಿತವಾಗುತ್ತದೆ. ನಮ್ಮ ಮನೆಯ ಮಾತು ಕನ್ನಡ, ಕಚೇರಿಯ ಬರಹ ತೆಲುಗು, ಫಾರ್ಮ್ ಜರ್ಮನ್. ಪ್ರತಿ ಕಾಲಮ್ಮನ್ನೂ ಅಪ್ಪನಿಗೆ ಫೋನಿನಲ್ಲೇ ಬಿಡಿಸಿ ಹೇಳಬೇಕಾಯಿತು. “ತಮ್ಮಾ, ನಾ ನಿನ್ನ ಅಪ್ಪ ಅನ್ನೋದಕ್ಕೂ ಮೊಹರ ಬೇಕೇನೋ?” ಎಂದು ಅವರು ನಕ್ಕರು. ಬೇಕು, ಅದೂ ತಾರೀಖಿನ ಸಮೇತ.

2024ರ ಲೆಕ್ಕ ಸಲ್ಲಿಸಿದ ಮೇಲೆ ತೆರಿಗೆ ಕಚೇರಿಯಿಂದ, ಅಂದರೆ ಫಿನಾಂಟ್ಸ್‌ಆಮ್ಟ್‌ನಿಂದ, ಮೊದಲ ಪತ್ರ ಬಂತು. ಇಬ್ಬರ ಫಾರ್ಮುಗಳನ್ನೂ ‘ಬಿಸ್’ ಇಂಥ ತಾರೀಖು, ಅಂದರೆ ಅಷ್ಟರೊಳಗೆ, ಕಳಿಸಿ ಎಂಬ ವಿನಂತಿ. ಗಡುವಿಗೆ ಜರ್ಮನ್ನರು ಹೇಳುವುದು ‘ಫ್ರಿಸ್ಟ್’. ಈ ಫ್ರಿಸ್ಟನ್ನು ಹಾಕಿದವರು ಮೇಜಿನ ಹಿಂದೆ ಕೂತ ಅಧಿಕಾರಿ, ಆದ್ದರಿಂದ ಅದನ್ನು ಮುಂದೂಡುವ ಅಧಿಕಾರವೂ ಅವರಿಗಿದೆ. ಅವ್ವನ ಹೆಸರು ಆಧಾರಿನಲ್ಲಿ ಒಂದು ಥರ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ ಇದ್ದುದರಿಂದ ಅದನ್ನು ಸರಿಮಾಡಿಸದೆ ಮೊಹರು ಬೀಳುವಂತಿರಲಿಲ್ಲ. ಕಾರಣ ಬರೆದು ‘ಫ್ರಿಸ್ಟ್‌ಫೆರ್‌ಲೆಂಗರುಂಗ್’, ಅಂದರೆ ಗಡುವಿನ ವಿಸ್ತರಣೆ, ಕೇಳಿದೆ. ಕೊಟ್ಟರು. ಕೇಳಬೇಕಾದದ್ದು ಗಡುವು ಮುಗಿಯುವ ಮೊದಲು, ಹಾಗೂ ಬರವಣಿಗೆಯಲ್ಲಿ. ಸುಮ್ಮನಿದ್ದರೆ ಅವರು ಬೈದು ಪತ್ರ ಬರೆಯುವುದಿಲ್ಲ, ಕೈಯಲ್ಲಿದ್ದ ಕಾಗದ ನೋಡಿ ತೀರ್ಮಾನಿಸುತ್ತಾರೆ, ಅಷ್ಟೆ. ‘ಆನ್‌ಹ್ಯೋರುಂಗ್’ ಎಂಬ ತಲೆಬರಹದ ಪತ್ರವೂ ಇದೇ ಜಾತಿಯದು: ನಿಮಗೆ ವಿರುದ್ಧವಾಗಿ ಏನೋ ತೀರ್ಮಾನಿಸಲು ಹೊರಟಿದ್ದೇವೆ, ಅದಕ್ಕೂ ಮೊದಲು ನಿಮ್ಮ ಮಾತು ಹೇಳಿ ಎಂದು. ತೀರ್ಪು ಇನ್ನೂ ಆಗಿರುವುದಿಲ್ಲ. ಆಗಲೇ ಸರಿಯಾಗಿ ಉತ್ತರ ಬರೆದವರಿಗೆ ಮುಂದಿನ ಕೆಲಸ ಅರ್ಧ ಉಳಿಯುತ್ತದೆ.

ವಿಸ್ತರಿಸಿದ ಗಡುವಿನೊಳಗೆ ಅಪ್ಪನ ಫಾರ್ಮ್ ತಲುಪಿತು, ಅವ್ವನದು ತಲುಪಲಿಲ್ಲ. 2025ರ ಜೂನ್ 4ರ ತಾರೀಖಿನ ಬೆಶೈಡ್ ಬಂತು. ಬೆಶೈಡ್ ಎಂದರೆ ಕಚೇರಿಯ ಅಧಿಕೃತ ತೀರ್ಮಾನ. ನಿಮ್ಮ ತೆರಿಗೆ ಇಷ್ಟು, ಕೊಡಬೇಕಾದ್ದು ಇಷ್ಟು ಎಂದು ಅದು ಇತ್ಯರ್ಥ ಮಾಡುತ್ತದೆ. ತಪ್ಪಿದ್ದರೂ ಯಾರೂ ತಕರಾರು ಮಾಡದಿದ್ದರೆ ಕಾನೂನಿನ ದೃಷ್ಟಿಯಲ್ಲಿ ಅದೇ ಸರಿ. 2024ರಲ್ಲಿ ನಮಗೆ ಮಗು ಹುಟ್ಟಿತ್ತು. ಹೆಂಡತಿಗೆ ಬಂದ ‘ಎಲ್ಟರ್‌ಗೆಲ್ಡ್’ ಎಂಬ ಪಾಲನಾ ಭತ್ಯೆಗೆ ತೆರಿಗೆ ಇಲ್ಲ, ಆದರೆ ಅದು ಉಳಿದ ಆದಾಯದ ಮೇಲಿನ ದರವನ್ನು ಏರಿಸುತ್ತದೆ. ಹೀಗಾಗಿ 683 ಯೂರೋ ಬಾಕಿ ಕಟ್ಟಬೇಕೆಂದು ಬರೆದಿತ್ತು. ಇನ್ನೊಂದು ಕಾರಣ ಇದ್ದದ್ದು ಹಿಂದಿನ ಪುಟದ ‘ಎರ್‌ಲಾಯ್ಟರುಂಗೆನ್’ ಎಂಬ ವಿವರಣೆಯ ಭಾಗದಲ್ಲಿ: ತಾಯಿಯ ಫಾರ್ಮ್ ಇಲ್ಲದ್ದರಿಂದ ಅವರ ಪಾಲನ್ನು ಒಪ್ಪಿಲ್ಲ. ನಮ್ಮಲ್ಲಿ ಬಹಳ ಜನ ಮೊದಲ ಪುಟದ ಮೊತ್ತ ನೋಡಿ ಕಾಗದ ಮಡಿಸುತ್ತಾರೆ. ನನ್ನನ್ನು ಕೇಳಿದರೆ ಓದಬೇಕಾದ್ದು ಈ ಭಾಗ ಮತ್ತು ಕಡೆಯ ಪುಟದ ‘ರೆಖ್ಟ್ಸ್‌ಬೆಹೆಲ್ಫ್ಸ್‌ಬೆಲೇರುಂಗ್’. ಯಾರ ಬಳಿ, ಎಷ್ಟು ದಿನದೊಳಗೆ, ಹೇಗೆ ತಕರಾರು ಸಲ್ಲಿಸಬೇಕು ಎಂಬ ಸೂಚನೆ ಅದು. ಆ ಸೂಚನೆ ಇಲ್ಲದಿದ್ದರೆ ಅಥವಾ ತಪ್ಪಾಗಿದ್ದರೆ ತಕರಾರಿಗೆ ಒಂದು ತಿಂಗಳ ಬದಲು ಒಂದು ವರ್ಷ ಸಿಗುತ್ತದೆ.

ಒಂದು ತಿಂಗಳು ಎಲ್ಲಿಂದ? ಪತ್ರದ ತಾರೀಖಿನಿಂದಲ್ಲ, ಲಕೋಟೆ ಬಿಚ್ಚಿದ ದಿನದಿಂದಲೂ ಅಲ್ಲ. ದೇಶದೊಳಗೆ ಅಂಚೆಗೆ ಹಾಕಿದ ಸಾಧಾರಣ ಪತ್ರ ನಾಲ್ಕನೆಯ ದಿನ ತಲುಪಿದೆ ಎಂದು ಕಾನೂನು ಎಣಿಸುತ್ತದೆ. 2024ರ ಕೊನೆಯವರೆಗೆ ಅದು ಮೂರನೆಯ ದಿನವಾಗಿತ್ತು, ಅಂಚೆ ನಿಧಾನವಾದದ್ದನ್ನು ಒಪ್ಪಿಕೊಂಡು 2025ರ ಜನವರಿಯಿಂದ ಒಂದು ದಿನ ಸೇರಿಸಿದರು. ತೆರಿಗೆ ಪತ್ರಗಳಲ್ಲಿ ಆ ನಾಲ್ಕನೆಯ ದಿನ ಶನಿವಾರ, ಭಾನುವಾರ ಅಥವಾ ರಜೆ ಬಿದ್ದರೆ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ನನ್ನ ಪತ್ರ ಜೂನ್ 4, ಬುಧವಾರದ್ದು. ನಾಲ್ಕನೆಯ ದಿನ ಜೂನ್ 8, ಭಾನುವಾರ. ಸೋಮವಾರ ಪೆಂಟೆಕೋಸ್ಟ್ ಹಬ್ಬದ ರಜೆ. ಹಾಗಾಗಿ ಪತ್ರ ‘ತಲುಪಿದ್ದು’ ಜೂನ್ 10, ಮಂಗಳವಾರ. ತಿಂಗಳು ಮುಗಿಯುವುದು ಜುಲೈ 10ರ ಮಧ್ಯರಾತ್ರಿಗೆ. ನಾನು ಬಂದ ಪತ್ರದ ತಾರೀಖಿಗೇ ತಿಂಗಳು ಕೂಡಿಸಿ, ಅಂದರೆ ಜುಲೈ 4 ಎಂದು, ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಉಳಿದ ದಿನಗಳು ಕೈಗಾವಲು.

ಈ ಗಡುವನ್ನು ಹಾಕಿದ್ದು ಅಧಿಕಾರಿಯಲ್ಲ, ಕಾಯ್ದೆ. ಅದನ್ನು ಯಾರೂ ವಿಸ್ತರಿಸಲಾರರು. ಆಸ್ಪತ್ರೆಯಲ್ಲಿ ಇದ್ದಿರಿ ಎಂಬಂಥ, ನಿಮ್ಮ ತಪ್ಪಿಲ್ಲದ ಕಾರಣಕ್ಕೆ ತಪ್ಪಿಹೋದರೆ ಮಾತ್ರ, ಆ ಅಡ್ಡಿ ಕಳೆದ ಮೇಲೆ ಒಂದು ತಿಂಗಳೊಳಗೆ ಮೊದಲಿನ ಸ್ಥಿತಿಗೆ ಮರಳಿಸಿ ಎಂದು ಅರ್ಜಿ ಹಾಕಬಹುದು. ಜರ್ಮನ್ ಬರುವುದಿಲ್ಲ ಎಂಬುದೊಂದೇ ಅದಕ್ಕೆ ಸಾಕಾಗುವುದಿಲ್ಲ. ಮುಂದಿನ ವರ್ಷದ ಲೆಕ್ಕದಲ್ಲಿ ಸರಿಮಾಡಿದರಾಯಿತು ಎಂಬ ಮಾತನ್ನೂ ನಮ್ಮವರ ಬಾಯಲ್ಲಿ ಕೇಳಿದ್ದೇನೆ. ಆಗುವುದಿಲ್ಲ, ಒಂದೊಂದು ವರ್ಷದ ಬೆಶೈಡ್ ಆ ವರ್ಷಕ್ಕೇ ಮುಚ್ಚಿಹೋಗುತ್ತದೆ.

ತಕರಾರಿನ ಹೆಸರು ‘ಐನ್‌ಶ್ಪ್ರುಖ್’. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಇಂಥ ತಾರೀಖಿನ, ಇಂಥ ವರ್ಷದ ಬೆಶೈಡಿಗೆ ತಕರಾರು ಸಲ್ಲಿಸುತ್ತಿದ್ದೇನೆ, ಕಾರಣ ಮತ್ತು ದಾಖಲೆ ನಂತರ ಕಳಿಸುತ್ತೇನೆ ಎಂದು ಎರಡು ಸಾಲು ಬರೆದರೂ ಗಡುವು ಉಳಿಯುತ್ತದೆ. ಅವ್ವನ ಕಾಗದ ಇನ್ನೂ ಊರಿನಲ್ಲಿದ್ದಾಗ ನಾನು ಮಾಡಿದ್ದೂ ಅಷ್ಟೇ, ಎಲ್‌ಸ್ಟರ್ ಎಂಬ ತೆರಿಗೆ ಪೋರ್ಟಲ್ ಮೂಲಕ. ಅಲ್ಲಿ ಕಳಿಸಿದ ದಿನ, ಗಂಟೆ ದಾಖಲಾಗುತ್ತದೆ. ಒಂದು ಅಪಾಯ ಗೊತ್ತಿರಲಿ: ತಕರಾರು ಬಂದರೆ ಕಚೇರಿ ಇಡೀ ಲೆಕ್ಕವನ್ನು ಮತ್ತೆ ನೋಡಬಹುದು, ತೆರಿಗೆ ಹೆಚ್ಚಿಸಲೂಬಹುದು. ಹಾಗೆ ಮಾಡುವ ಮೊದಲು ತಿಳಿಸಲೇಬೇಕು. ಆಗ ತಕರಾರನ್ನು ಹಿಂತೆಗೆದುಕೊಂಡು ಪಾರಾಗಬಹುದು.

ಇನ್ನು ಹಣ. ತಕರಾರು ಹಾಕಿದೆನಲ್ಲ, ತೀರ್ಮಾನವಾಗುವವರೆಗೆ ಕಟ್ಟಬೇಕಿಲ್ಲ ಎಂಬುದು ದುಬಾರಿ ಭ್ರಮೆ. ಐನ್‌ಶ್ಪ್ರುಖ್ ಕಟ್ಟುವ ದಿನವನ್ನು ತಡೆಯುವುದಿಲ್ಲ. ಬ್ಯಾಂಕಿನಿಂದ ಕಳಿಸುವವರಿಗೆ ಮೂರು ದಿನದ ರಿಯಾಯಿತಿ ಇದೆ. ಅದೂ ಮೀರಿದರೆ ಶುರುವಾದ ಪ್ರತಿ ತಿಂಗಳಿಗೆ ನೂರಕ್ಕೆ ಒಂದರಂತೆ ‘ಜೋಯ್ಮ್‌ನಿಸ್‌ತ್ಸೂಶ್ಲಾಗ್’, ವಿಳಂಬದ ದಂಡ. ಮೊತ್ತವನ್ನು 50ರ ಗುಣಕಕ್ಕೆ ಇಳಿಸಿ ಲೆಕ್ಕ ಹಾಕುವುದರಿಂದ 683ಕ್ಕೆ 650 ಹಿಡಿದು ತಿಂಗಳಿಗೆ ಆರೂವರೆ ಯೂರೋ. ವಸೂಲಿ ತಡೆಯಿರಿ ಎಂದು ಬೇರೆ ಅರ್ಜಿ ಹಾಕಬಹುದು, ಆದರೆ ಕೊನೆಗೆ ಸೋತರೆ ತಡೆದ ಹಣಕ್ಕೆ ತಿಂಗಳಿಗೆ ಅರ್ಧ ಶೇಕಡ ಬಡ್ಡಿ. ಇಷ್ಟು ಸಣ್ಣ ಮೊತ್ತಕ್ಕೆ ಆ ರಗಳೆ ಬೇಡವೆನಿಸಿ ಕಟ್ಟಿಬಿಟ್ಟೆ. ಜುಲೈನಲ್ಲಿ ಅವ್ವನ ಫಾರ್ಮ್ ಮೊಹರಿನೊಂದಿಗೆ ಬಂತು, ಆಗಸ್ಟಿನಲ್ಲಿ ತಿದ್ದಿದ ಬೆಶೈಡ್ ಬಂತು. ನಮ್ಮ ಆದಾಯದ ಮೇಲ್ತುದಿಗೆ ಬೀಳುವ ದರ ಸುಮಾರು 35 ಶೇಕಡ. ಅವ್ವನ ಪಾಲಿನ 2,946 ಯೂರೋಗೆ ಸುಮಾರು 1,030 ಯೂರೋ ತೆರಿಗೆ ಇಳಿಯಿತು. ಕಟ್ಟಿದ್ದು ವಾಪಸ್ ಬಂತು, ಅದರ ಮೇಲೆ ಸುಮಾರು 350 ಯೂರೋ ಕೂಡ.

ಎಲ್ಲ ಪತ್ರಕ್ಕೂ ಒಂದು ತಿಂಗಳು ಇರುತ್ತದೆಂದು ಮಾತ್ರ ತಿಳಿಯಬೇಡಿ. ಆರೋಗ್ಯ ವಿಮೆಯ ಬೆಶೈಡಿಗೆ ತಿಂಗಳಿದೆ, ಅಲ್ಲಿ ತಕರಾರಿಗೆ ‘ವಿಡರ್‌ಶ್ಪ್ರುಖ್’ ಎನ್ನುತ್ತಾರೆ. ಹಳದಿ ಲಕೋಟೆಯಲ್ಲಿ ಬರುವುದಕ್ಕೆ ನಾಲ್ಕು ದಿನದ ಎಣಿಕೆಯಿಲ್ಲ. ಅಂಚೆಯವರು ಲಕೋಟೆಯ ಮೇಲೆ ಬರೆದ ತಾರೀಖೇ ಲೆಕ್ಕ, ಡಬ್ಬಿಗೆ ಬಿದ್ದರೆ ಸಾಕು, ನೀವು ಓದಿದ್ದೂ ಬಿಟ್ಟದ್ದೂ ಯಾರೂ ಕೇಳುವುದಿಲ್ಲ. ಆ ಲಕೋಟೆಯನ್ನು ಎಸೆಯಬಾರದು. ವೇಗದ ಚಾಲನೆಯಂಥದ್ದಕ್ಕೆ ಬರುವ ದಂಡದ ಬೆಶೈಡಿಗೂ, ಬಾಕಿ ಬರಬೇಕಾದವರು ಕೋರ್ಟಿನ ಮೂಲಕ ಕಳಿಸುವ ‘ಮಾನ್‌ಬೆಶೈಡ್’ಗೂ ಎರಡೇ ವಾರ. ಬರೀ ‘ಮಾನುಂಗ್’ ಎಂದರೆ ಅಂಗಡಿಯವರ ಅಥವಾ ಕಂಪನಿಯ ತಗಾದೆ. ಮಾನ್‌ಬೆಶೈಡ್ ಹಾಗಲ್ಲ. ಬಾಕಿ ನಿಜವೇ ಎಂದು ಕೋರ್ಟು ಪರೀಕ್ಷಿಸದೆಯೇ ಅದನ್ನು ಕಳಿಸುತ್ತದೆ, ನೀವು ಸುಮ್ಮನಿದ್ದರೆ ಮುಂದಿನ ಕಾಗದ ಜಪ್ತಿಗೆ ದಾರಿ ಮಾಡುತ್ತದೆ.

ಊರಿಗೆ ಹಣ ಕಳಿಸುವವರಿಗೆ ಇನ್ನೊಂದು ಮಾತು. 2025ರಿಂದ ನಿಯಮ ಬಿಗಿಯಾಗಿದೆ. ಹಣ ಬ್ಯಾಂಕಿನ ಮೂಲಕ, ನೀವು ಸಲಹುವವರ ಸ್ವಂತ ಖಾತೆಗೇ ಹೋಗಿರಬೇಕು. ಊರಿಗೆ ಹೋದಾಗ ಕೈಯಲ್ಲಿ ಕೊಟ್ಟದ್ದು, ತಮ್ಮನ ಖಾತೆಗೆ ಹಾಕಿದ್ದು ಲೆಕ್ಕಕ್ಕೆ ಬರುವುದಿಲ್ಲ. ಆ ವರ್ಷದ ಮಿತಿ 12,096 ಯೂರೋ, ಭಾರತಕ್ಕೆ ಒಬ್ಬರಿಗೆ 3,024. ವರ್ಷದ ಮೊದಲ ಕಂತು ಹೋಗುವುದಕ್ಕೆ ಮುಂಚಿನ ತಿಂಗಳುಗಳ ಪಾಲು ಕೈತಪ್ಪುತ್ತದೆ, ಆದ್ದರಿಂದ ಜನವರಿಯಿಂದಲೇ ಕಳಿಸಿ. ಲೆಕ್ಕ ಸಲ್ಲಿಸಲೇಬೇಕಾದವರು ತಾವೇ ಸಲ್ಲಿಸುವುದಾದರೆ 2025ರ ಲೆಕ್ಕಕ್ಕೆ ಕಡೆಯ ದಿನ 2026ರ ಜುಲೈ 31. ಅವ್ವ ಅಪ್ಪನ ಫಾರ್ಮುಗಳನ್ನು ಅದಕ್ಕೂ ಬಹಳ ಮುಂಚೆಯೇ ಊರಿಗೆ ಕಳಿಸಿ.