ಅಧ್ಯಯನ ಲೇಖನ: ಟೆಂಡರ್ ಸ್ವೀಕೃತಿ ಪತ್ರದಲ್ಲಿ ಮೊತ್ತ, ಅವಧಿ ಮತ್ತು ಉಭಯ ಪಕ್ಷಗಳ ಮೊದಲ ಕ್ರಮಗಳು

ಟೆಂಡರ್ ಸ್ವೀಕೃತಿ ಪತ್ರವನ್ನು ಕೆಲವು ಕಚೇರಿಗಳಲ್ಲಿ ಕೇವಲ ಮಾಹಿತಿ ಪತ್ರವೆಂದು ಭಾವಿಸಲಾಗುತ್ತದೆ. ಇದು ಸರಿಯಲ್ಲ. ಭಾರತೀಯ ಕರಾರು ಅಧಿನಿಯಮ, 1872ರ 7ನೇ ಪ್ರಕರಣದಂತೆ ಸ್ವೀಕೃತಿಯು ಪೂರ್ಣವಾಗಿಯೂ ಷರತ್ತುರಹಿತವಾಗಿಯೂ ಇರತಕ್ಕದ್ದು. 4ನೇ ಪ್ರಕರಣದಂತೆ, ಪತ್ರವು ಅಂಚೆಗೆ ಸೇರಿ ಕಚೇರಿಯ ಕೈಬಿಟ್ಟ ಕೂಡಲೇ ದರ ಸಲ್ಲಿಸಿದವರು ಬದ್ಧರಾಗುತ್ತಾರೆ. ಕರಾರು ಪತ್ರಕ್ಕೆ ಸಹಿಯಾಗುವುದು ಅನಂತರದ ಮಾತು.

ಚಂದ್ರಬಂಡ ಗ್ರಾಮದ ಸಿ.ಸಿ. ಚರಂಡಿ ಕಾಮಗಾರಿಯೊಂದನ್ನು ಕಲ್ಪಿಸಿಕೊಳ್ಳೋಣ. ಅಂಕಿ ಮತ್ತು ದಿನಾಂಕಗಳು ಪಾಠಕ್ಕಾಗಿ ಮಾತ್ರ. ಅಂದಾಜು ಮೊತ್ತ ರೂ. 12,00,000. ಅಂಗೀಕಾರಾರ್ಹ ದರ ಶೇ. 6ರಷ್ಟು ಕಡಿಮೆ, ಅಂದರೆ ರೂ. 11,28,000. ಟೆಂಡರ್ ಸಲ್ಲಿಕೆಗೆ ಕೊನೆಯ ದಿನ ಜೂನ್ 4. ದರದ ಸಿಂಧುತ್ವ ಅಲ್ಲಿಂದ 90 ದಿನ, ಅಂದರೆ ಸೆಪ್ಟೆಂಬರ್ 2ರವರೆಗೆ.

ಈ ಕಡತದಲ್ಲಿ ಮೊದಲು ನೋಡಬೇಕಾದುದು ಸೆಪ್ಟೆಂಬರ್ 2ನ್ನೇ. ಸಿಂಧುತ್ವವನ್ನು ಲಿಖಿತವಾಗಿ ವಿಸ್ತರಿಸಿಕೊಳ್ಳದೆ ಸೆಪ್ಟೆಂಬರ್ 5ರಂದು ಪತ್ರ ಕಳುಹಿಸಿದರೆ, ಗುತ್ತಿಗೆದಾರರು ಹಳೆಯ ದರಕ್ಕೆ ಬದ್ಧರಲ್ಲವೆಂದು ಹೇಳಬಹುದು. ಆದ್ದರಿಂದ ಪತ್ರದ ಮೇಲಿನ ದಿನಾಂಕದಷ್ಟೇ ರವಾನೆ ವಹಿಯ ನಮೂದೂ ಮುಖ್ಯ.

ಮೊತ್ತವನ್ನು ಅಂಕಿ ಮತ್ತು ಅಕ್ಷರಗಳೆರಡರಲ್ಲೂ ಬರೆಯಬೇಕು. ತೆರಿಗೆ ಸೇರಿದೆಯೇ ಎಂಬುದು ಟೆಂಡರ್ ದಾಖಲೆಯಲ್ಲಿರುವಂತೆಯೇ ಇರಬೇಕು. “ಇನ್ನೂ ಶೇ. 2ರಷ್ಟು ಕಡಿಮೆ ಮಾಡುವ ಷರತ್ತಿಗೊಳಪಟ್ಟು ಅಂಗೀಕರಿಸಲಾಗಿದೆ” ಎಂಬ ವಾಕ್ಯ ಪಂಚಾಯತಿಗೆ ಲಾಭವೆಂದು ತೋರಬಹುದು. ವಾಸ್ತವವಾಗಿ ಅದು ಸ್ವೀಕೃತಿಯೇ ಅಲ್ಲ, ಹೊಸ ಪ್ರಸ್ತಾವ. ಗುತ್ತಿಗೆದಾರರು ಅದನ್ನು ಒಪ್ಪದಿದ್ದರೆ ಕರಾರೂ ಇಲ್ಲ, ಮುಂಗಡ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಆಧಾರವೂ ಇಲ್ಲ. ದರದ ಮಾತುಕತೆ ನಡೆಯುವುದಿದ್ದರೆ ಅದು ಪತ್ರಕ್ಕೆ ಮೊದಲೇ ನಿಯಮಾನುಸಾರ ಮುಗಿದು, ಒಪ್ಪಿದ ಮೊತ್ತವಷ್ಟೇ ಪತ್ರದಲ್ಲಿ ಬರಬೇಕು.

ಅವಧಿಯ ವಿಷಯದಲ್ಲಿ “4 ತಿಂಗಳೊಳಗೆ ಪೂರ್ಣಗೊಳಿಸುವುದು” ಎಂದಷ್ಟೇ ಬರೆದರೆ ಸಾಲದು. ಎಂದಿನಿಂದ ಎಂಬುದು ಇಲ್ಲದಿದ್ದರೆ ವಿಳಂಬದ ದಂಡ ವಿಧಿಸುವಾಗ ವಿವಾದ ಏಳುವುದು ಖಚಿತ. ಟೆಂಡರ್ ದಾಖಲೆಯಲ್ಲಿ ಅವಧಿಯು ಕಾರ್ಯಾದೇಶದ ದಿನಾಂಕದಿಂದ ಎಂದಿದ್ದರೆ ಪತ್ರದಲ್ಲಿಯೂ ಅದನ್ನೇ ನಮೂದಿಸಬೇಕು.

ಇನ್ನು ಗುತ್ತಿಗೆದಾರರ ಮೊದಲ ಕ್ರಮ. ಟೆಂಡರ್ ದಾಖಲೆಯು ಪತ್ರ ತಲುಪಿದ 20 ದಿನಗಳೊಳಗೆ ಶೇ. 5ರ ಕಾರ್ಯನಿರ್ವಹಣಾ ಭದ್ರತೆ ಕೇಳಿದೆ ಎಂದುಕೊಂಡರೆ, ಈ ಕಾಮಗಾರಿಗೆ ಅದು ರೂ. 56,400. ಪತ್ರವು ಆಗಸ್ಟ್ 30ರಂದು ತಲುಪಿದ್ದರೆ ಗಡುವು ಸೆಪ್ಟೆಂಬರ್ 19. ಕರಾರು ಪತ್ರಕ್ಕೆ ಸಹಿ ಹಾಕಲು ಬರಬೇಕಾದ ದಿನವನ್ನೂ ಪತ್ರದಲ್ಲಿಯೇ ತಿಳಿಸುವುದು ಒಳ್ಳೆಯದು. ಬ್ಯಾಂಕ್ ಖಾತರಿ ನೀಡಿದ್ದಲ್ಲಿ ಅದರ ನೈಜತೆಯನ್ನು ಬ್ಯಾಂಕಿನಿಂದ ನೇರವಾಗಿ ದೃಢಪಡಿಸಿಕೊಂಡ ನಂತರವೇ ಸಹಿ ಮಾಡತಕ್ಕದ್ದು.

ಪಂಚಾಯತಿಯ ಪಾಲು ಇಲ್ಲಿ ಹೆಚ್ಚಾಗಿ ಮರೆತುಹೋಗುತ್ತದೆ. ಚರಂಡಿಯ ಮಾರ್ಗದಲ್ಲಿ ಕುಡಿಯುವ ನೀರಿನ ಪೈಪು ಹಾದಿದೆಯೇ, ಮನೆಗಳ ಮೆಟ್ಟಿಲು ಮುಂಚಾಚಿವೆಯೇ ಎಂಬುದನ್ನು ಇದೇ 20 ದಿನಗಳಲ್ಲಿ ಅಭಿಯಂತರರೊಂದಿಗೆ ಜಂಟಿಯಾಗಿ ಪರಿಶೀಲಿಸಿ, ಗುರುತು ಹಾಕಿ, ಅಡೆತಡೆ ತೆರವುಗೊಳಿಸಬೇಕು. ಸ್ಥಳ ಹಸ್ತಾಂತರಿಸದೆ ಕಾರ್ಯಾದೇಶ ನೀಡಿದರೆ ಅವಧಿಯ ಎಣಿಕೆ ಆರಂಭವಾಗುತ್ತದೆ, ಕೆಲಸ ಆರಂಭವಾಗುವುದಿಲ್ಲ. ಆಗ ಗುತ್ತಿಗೆದಾರರು ಕಾಲಾವಧಿ ವಿಸ್ತರಣೆ ಕೇಳಿದರೆ ನಿರಾಕರಿಸುವುದು ಕಷ್ಟ. ಹಸ್ತಾಂತರದ ದಿನ ಮಹಜರು ಬರೆದು, ಉಭಯ ಪಕ್ಷಗಳ ಸಹಿಯೊಂದಿಗೆ ಸ್ವೀಕೃತಿ ಪತ್ರದ ಕಡತದಲ್ಲಿಯೇ ಲಗತ್ತಿಸತಕ್ಕದ್ದು.