ಬನಹಟ್ಟಿ ಮಗ್ಗದ ಸುದ್ದಿಯನ್ನು ಟ್ರೇಡ್ ಪತ್ರಕರ್ತರಿಗೆ ಹೇಳೋದು ಹೇಗೆ?

ನಮ್ಮ ಮೊದಲನೇ ಮೇಲ್‌ನ ಸಬ್ಜೆಕ್ಟ್ ಹೀಗಿತ್ತು: 'ಇಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ನೇಕಾರರಿಗಾಗಿ ವಿನೂತನ ಆವಿಷ್ಕಾರ'. ಜವಳಿ ಉದ್ಯಮದ ಪತ್ರಿಕೆಗಳಿಗೆ ಬರೆಯೋ ಹದಿನಾಲ್ಕು ಜನಕ್ಕೆ ಒಟ್ಟಿಗೆ ಕಳಿಸಿದ್ವಿ. ಒಂದು ಉತ್ತರಾನೂ ಬರಲಿಲ್ಲ. ಯಾಕೆ ಅಂತ ತಿಳಿದದ್ದು ಬನಹಟ್ಟಿಯ ಒಂದು ಮಗ್ಗದ ಶೆಡ್‌ನಲ್ಲಿ.

ಮೊದಲು ಸಮಸ್ಯೆ ಹೇಳ್ತೀವಿ. ರಬಕವಿ-ಬನಹಟ್ಟಿಯಲ್ಲಿ ಓಡೋ ಸಾದಾ ಪವರ್‌ಲೂಮ್‌ನಲ್ಲಿ ಹಾಸಿನ ಎಳೆ ಕಡಿದರೂ ಮಗ್ಗ ತಾನಾಗಿ ನಿಲ್ಲೋದಿಲ್ಲ. ನೇಕಾರ ನೋಡೋವರೆಗೆ ನೇಯ್ಗೆ ಮುಂದೆ ಹೋಗ್ತಾನೇ ಇರುತ್ತೆ, ಸೀರೆ ಉದ್ದಕ್ಕೂ ಗೆರೆ ಬೀಳುತ್ತೆ. ನಾವು ಹಾಸಿನ ಹಿಂಬದಿ, ಎಳೆಗಳ ಕೆಳಗೆ ಅಡ್ಡಲಾಗಿ ಒಂದು ಲೇಸರ್ ಕಿರಣ ಹಾಯಿಸಿದ್ವಿ. ಕಡಿದ ಎಳೆ ಜೋತು ಬಿದ್ದು ಕಿರಣಕ್ಕೆ ಅಡ್ಡ ಬಂದರೆ ರಿಲೇ ಮೋಟಾರ್ ನಿಲ್ಲಿಸುತ್ತೆ.

ಶೆಡ್ ಮಾಲೀಕರಾದ ಕಾಕಾ ಎಲ್ಲಾ ಕೇಳಿ ಅಂದರು: "ಇದರಾಗ ಹೊಸಾದು ಏನೈತ್ರಪಾ? ಎಳಿ ಕಡದ್ರ ನಿಲ್ಲೂ ಮಗ್ಗ ನಾವು ಇಚಲಕರಂಜಿಯೊಳಗ ನೋಡೀವಿ."

ಟ್ರೇಡ್ ಪತ್ರಕರ್ತರೂ ಕೇಳೋದು ಇದೇ ಪ್ರಶ್ನೆ. ಅವರ ಓದುಗರು ಮಗ್ಗದ ಮಾಲೀಕರು, ನೂಲಿನ ವ್ಯಾಪಾರಿಗಳು, ಯಂತ್ರ ಮಾರೋರು. ಡ್ರಾಪರ್ ಅವರಿಗೆಲ್ಲ ಗೊತ್ತು: ಪ್ರತಿ ಎಳೆಗೂ ಒಂದು ತೆಳು ಲೋಹದ ಪಟ್ಟಿ, ಎಳೆ ಕಡಿದರೆ ಪಟ್ಟಿ ಕೆಳಗೆ ಬಿದ್ದು ಸರ್ಕ್ಯೂಟ್ ಕೂಡುತ್ತೆ, ಮಗ್ಗ ನಿಲ್ಲುತ್ತೆ. 2017ರ ಪವರ್‌ಟೆಕ್ಸ್ ಇಂಡಿಯಾ ಯೋಜನೆಯಲ್ಲಿ ಸಾದಾ ಮಗ್ಗಗಳನ್ನು ಮೇಲ್ದರ್ಜೆಗೆ ಏರಿಸೋಕೆ ಸಬ್ಸಿಡಿ ಇತ್ತು, ಅದರಲ್ಲಿ ಇಂಥ ಜೋಡಣೆಯೂ ಸೇರಿತ್ತು. ಲೇಸರ್ ಕೂಡ ನಮ್ಮದಲ್ಲ, ವಾರ್ಪ್ ನಿಟ್ಟಿಂಗ್ ಯಂತ್ರಗಳಲ್ಲಿ ಈಗಾಗಲೇ ಇದೆ. ಅಂದಮೇಲೆ ನಾವು ಬರೆದ 'ಭಾರತದಲ್ಲೇ ಮೊದಲು' ಅನ್ನೋ ಮಾತು ಸುಳ್ಳು. ಅದನ್ನು ಓದಿದ ಕೂಡಲೇ ಮೇಲ್ ಮುಚ್ಚಿರಬೇಕು. ಮುಚ್ಚಿದ್ದೇ ಸರಿ!

ಹಾಗಾದರೆ ಸುದ್ದಿ ಎಲ್ಲಿದೆ? ಡ್ರಾಪರ್ ಹಾಕಬೇಕಾದರೆ ಸಾವಿರಾರು ಎಳೆಗಳಿಗೆ ಒಂದೊಂದಾಗಿ ಪಟ್ಟಿ ಸೇರಿಸಬೇಕು. ಅಷ್ಟು ಹೊತ್ತು ಮಗ್ಗ ನಿಂತಿರುತ್ತೆ, ನೇಕಾರನ ಕೂಲಿಯೂ ನಿಲ್ಲುತ್ತೆ. ಕಿರಣ ಹಾಯಿಸೋಕೆ ಹಾಸನ್ನು ಮುಟ್ಟೋ ಕೆಲಸವೇ ಇಲ್ಲ. ಆದರೆ ಕಡಿದ ಎಳೆ ಗಂಜಿಗೋ ಹತ್ತಿಯ ದೂಳಿಗೋ ಪಕ್ಕದ ಎಳೆಗೆ ಅಂಟಿಕೊಂಡರೆ ಕೆಳಗೆ ಬೀಳೋದೇ ಇಲ್ಲ, ಕಿರಣಕ್ಕೆ ಗೊತ್ತೂ ಆಗಲ್ಲ. 'ಹಾಸು ಬಿಚ್ಚದೆ ಹಾಕಬಹುದು, ಆದರೆ ಎಲ್ಲ ಎಳೆಯನ್ನೂ ಹಿಡಿಯಲ್ಲ. ಮಾಲೀಕನಿಗೆ ಇದು ಸಾಕಾ?' ಇದೇ ಆ್ಯಂಗಲ್. ಇದರಲ್ಲಿ ನಮ್ಮ ಕಾಲೇಜಿನ ಹೆಸರೇ ಇಲ್ಲ ನೋಡಿ.

ಎರಡನೇ ಮೇಲ್ ಅನ್ನು ಹೀಗೆ ಬರೆದುಕೊಂಡ್ವಿ. ಅಂಕಿಗಳು ಮಾದರಿಗೆ ಮಾತ್ರ. ನೀವು ನಿಮ್ಮ ಶೆಡ್‌ನಲ್ಲಿ ಎಣಿಸಿ ಬರೆದಿಟ್ಟದ್ದನ್ನೇ ಹಾಕಬೇಕು.

ಸಬ್ಜೆಕ್ಟ್: ಬನಹಟ್ಟಿ ಪವರ್‌ಲೂಮ್: ಹಾಸು ಬಿಚ್ಚದೆ ಎಳೆ-ಕಡಿತ ಪತ್ತೆ, 6 ಮಗ್ಗಗಳಲ್ಲಿ ಪರೀಕ್ಷೆ

'ನಮಸ್ಕಾರ ಮೇಡಂ, ಸಾದಾ ಮಗ್ಗಗಳ ಬಗ್ಗೆ ನೀವು ಬರೆದ ಲೇಖನ ಓದಿ ಈ ಮೇಲ್ ಕಳಿಸುತ್ತಿದ್ದೇವೆ. ಬನಹಟ್ಟಿಯ ಒಂದು ಶೆಡ್‌ನ 6 ಮಗ್ಗಗಳಲ್ಲಿ 10 ದಿನ ಲೇಸರ್ ಸಾಧನ ಓಡಿಸಿದೆವು. ಕಡಿದ 100 ಎಳೆಗಳಲ್ಲಿ 83 ಸಿಕ್ಕವು. ಉಳಿದವು ಪಕ್ಕದ ಎಳೆಗೆ ಅಂಟಿದ್ದವು. ಲೆನ್ಸನ್ನು ದಿನಾ ಒರೆಸಬೇಕು. ಡ್ರಾಪರ್ ಹಾಕಿಸದೇ ಇದ್ದ ಮಾಲೀಕರು ಇದನ್ನು ಯಾಕೆ ಒಪ್ಪಿದರು ಎಂದು ಅವರೇ ಹೇಳಲು ಸಿದ್ಧರಿದ್ದಾರೆ. ಮಂಗಳವಾರ ಅಥವಾ ಬುಧವಾರ ಮಧ್ಯಾಹ್ನ 2ರಿಂದ 4ರ ಒಳಗೆ 20 ನಿಮಿಷ ಮಾತಾಡಬಹುದು. ಅವರು ಕನ್ನಡದಲ್ಲಿ ಹೇಳುವುದನ್ನು ನಾವು ಇಂಗ್ಲಿಷಿಗೆ ತಿಳಿಸುತ್ತೇವೆ. ಮಗ್ಗ ನಿಲ್ಲುವ ವಿಡಿಯೋ, ದಿನದ ಲೆಕ್ಕ ಕೇಳಿದರೆ ಕಳಿಸುತ್ತೇವೆ.'

ಇಷ್ಟೇ. ಫೋನ್ ತೆರೆದು ಒಂದೆರಡು ಸಲ ಸ್ಕ್ರಾಲ್ ಮಾಡಿದರೆ ಮುಗಿಯಬೇಕು. ಅಟ್ಯಾಚ್‌ಮೆಂಟ್ ಬೇಡ, ನಮ್ಮ ನಲವತ್ತು ಸ್ಲೈಡ್‌ನ ಪಿಪಿಟಿ ಅಂತೂ ಬೇಡವೇ ಬೇಡ.

ಸಂದರ್ಶನದ ಸಾಲಿನಲ್ಲಿ ನಾವು ಮೊದಲು ಎಚ್‌ಒಡಿ ಸರ್ ಹೆಸರು ಹಾಕಿದ್ವಿ. ಸರ್‌ಗೆ ಮಗ್ಗದ ಖರ್ಚು ಗೊತ್ತಿಲ್ಲ, ಕಾಕಾಗೆ ಗೊತ್ತು. ಆದರೆ ಕಾಕಾನ ಹೆಸರು ಕೊಡೋ ಮೊದಲು ಅವರನ್ನೇ ಕೇಳಬೇಕು: ಹೆಸರು ಅಚ್ಚಾಗಬಹುದಾ, ಶೆಡ್ ಫೋಟೋ ತೆಗೀಬಹುದಾ, ಯಾವ ಹೊತ್ತಿಗೆ ಬಿಡುವು ಅಂತ. ಮಗ್ಗ ಓಡೋವಾಗ ಪಕ್ಕದಲ್ಲಿ ನಿಂತವರ ಮಾತೇ ಕೇಳಿಸಲ್ಲ, ಇನ್ನು ಫೋನ್ ಎಲ್ಲಿ ಕೇಳಬೇಕು? ಹಾಗಾಗಿ ಕರೆಂಟ್ ಇಲ್ಲದ ಹೊತ್ತನ್ನೇ ಕಾಕಾ ಆರಿಸಿದರು. ಮೇಲ್‌ನಲ್ಲಿರೋ ಎರಡರಿಂದ ನಾಲ್ಕು ಅದೇ.

ಇನ್ನೊಂದು ಮಾತು, ಪತ್ರಕರ್ತರು ಪ್ರತಿಸ್ಪರ್ಧಿ ಡ್ರಾಪರ್ ಮಾರೋರನ್ನೂ ಕೇಳಿ ಬರೀತಾರೆ. 'ಅಚ್ಚಿಗೆ ಮುಂಚೆ ನಮಗೆ ತೋರಿಸಿ' ಅನ್ನಬಾರದು. ಅಂಕಿ ತಪ್ಪಾಗಿದ್ದರೆ ತಿದ್ದೋಕೆ ಕೇಳಬಹುದು, ಅಷ್ಟೇ.

ಮುಧೋಳದ ಕಬ್ಬು, ಜಮಖಂಡಿಯ ಬೆಲ್ಲದ ಮೇಲೆ ಪ್ರಾಜೆಕ್ಟ್ ಮಾಡ್ತಿರೋರು ಇದನ್ನೇ ನಕಲು ಹೊಡೀಬೇಡಿ. ಸಕ್ಕರೆ ಉದ್ಯಮಕ್ಕೆ ಬರೆಯೋರು ಬೇರೆ, ಅವರು ಮೊದಲು ಕೇಳೋದು ರಿಕವರಿ ಎಷ್ಟು ಅಂತ.

ಈ ಸಲ ಒಬ್ಬರಿಗೇ, ಅವರ ಹೆಸರು ಹಾಕಿ ಕಳಿಸಿದ್ವಿ. ಐದು ದಿನ ಬಿಟ್ಟು ಒಂದೇ ಸಲ ನೆನಪಿಸಿದ್ವಿ. ಎರಡು ಸಾಲಿನ ಉತ್ತರ ಬಂತು: ಉಳಿದ ಹದಿನೇಳು ಎಳೆಗಳಿಂದ ಎಷ್ಟು ಸೀರೆ ಕೆಟ್ಟವು? ನಾವು ಅದನ್ನು ಎಣಿಸಿರಲೇ ಇಲ್ಲ. ಶನಿವಾರ ಮತ್ತೆ ಬನಹಟ್ಟಿ ಬಸ್ ಹತ್ತಬೇಕು.