ತೇಪೆ ನಕ್ಷೆಗೆ ಹೊಂದಲಿ, ನಕ್ಷೆ ತೇಪೆಗಲ್ಲ

ತಮ್ಮಾ, ಹಿಂದೂಪುರದ್ದೂ ಕಲ್ಯಾಣದುರ್ಗದ್ದೂ ಹಳೆಯ ಸರ್ವೆ ನಕ್ಷೆಗಳನ್ನು ಸ್ಕ್ಯಾನ್ ಮಾಡಿಸಿಕೊಂಡಿದ್ದೀಯ. ಕೆಳಗಿನ ಅಂಚಿನಲ್ಲಿರುವ ಮೈಲಿಯ ಅಳತೆ ಪಟ್ಟಿಯನ್ನು ಕಿಲೋಮೀಟರಿಗೆ ತರಬೇಕು, ಸಂಕೇತ ಸೂಚಿಯನ್ನು ಕನ್ನಡದಲ್ಲಿ ಬರೆಯಬೇಕು, ಗಡಿಭಾಗದ ಕನ್ನಡ ಶಾಲೆಯ ಮಕ್ಕಳು ತಮ್ಮ ಊರನ್ನು ತಮ್ಮ ಅಕ್ಷರದಲ್ಲೇ ಓದಿಕೊಳ್ಳಬೇಕು ಎಂಬುದು ನಿನ್ನ ಆಸೆ. ಆಸೆ ಒಳ್ಳೆಯದು. ಕೆಲಸ ಮಾತ್ರ ಅಂಚಿನದು, ನಡುವಿನದಲ್ಲ. ಹರಿದ ಅಂಗಿಗೆ ತೇಪೆ ಹಾಕುವವರು ತೇಪೆಯನ್ನು ಅಂಗಿಗೆ ತಕ್ಕಂತೆ ಕತ್ತರಿಸುತ್ತಾರೆಯೇ ಹೊರತು ತೇಪೆಗೆ ತಕ್ಕಂತೆ ಅಂಗಿಯನ್ನು ಹಿಗ್ಗಿಸುವುದಿಲ್ಲ. ನಾನು ಹೇಳಬೇಕಾದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ನಿನ್ನ ಹಾಳೆಗಳು ಒಂದಂಗುಲಕ್ಕೆ ಒಂದು ಮೈಲಿಯವು, ಅಂದರೆ 1:63,360. ಹಿಂದೂಪುರ ಇರುವುದು 57 G/5 ಹಾಳೆಯ ಪೂರ್ವದ ಅಂಚಿಗೆ. ಅದೇ ಹಾಳೆಯ ಪಶ್ಚಿಮದ ಅಂಚಿಗೆ ಮಡಕಶಿರಾ ಇದೆ. ಕಲ್ಯಾಣದುರ್ಗ 57 F/2ರಲ್ಲಿದೆ. 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದಾಗ ಇಂಥ ಹಾಳೆಯ ಸಮೋನ್ನತಿ ರೇಖೆ ಎರಡು ಮೂರು ಪಿಕ್ಸೆಲ್‌ಗಿಂತ ದಪ್ಪವಿರುವುದಿಲ್ಲ. ಚಿತ್ರವನ್ನು ಸ್ವಲ್ಪ ಹಿಗ್ಗಿಸಿದರೂ ಕುಗ್ಗಿಸಿದರೂ ಅರ್ಧ ಡಿಗ್ರಿ ತಿರುಗಿಸಿದರೂ ಗಣಕ ಪ್ರತಿ ಪಿಕ್ಸೆಲನ್ನೂ ಅಕ್ಕಪಕ್ಕದವುಗಳ ಬಣ್ಣ ಬೆರೆಸಿ ಹೊಸದಾಗಿ ಲೆಕ್ಕ ಹಾಕುತ್ತದೆ. ರೀಸ್ಯಾಂಪಲ್ ಅನ್ನುವುದು ಇದನ್ನೇ. ಮಡಕಶಿರಾ ಬೆಟ್ಟದ ಮೇಲೆ ಒತ್ತೊತ್ತಾಗಿ ಸುತ್ತಿರುವ ಕಂದು ಗೆರೆಗಳು ಆಗ ಒಂದಕ್ಕೊಂದು ಅಂಟಿ ಕಂದು ಮಸಿಯಾಗುತ್ತವೆ, ಸಣ್ಣ ಊರುಗಳ ಹೆಸರು ಮಂಜಾಗುತ್ತದೆ. ಅಂಚಿನ ನಾಲ್ಕು ಸಾಲು ಬದಲಿಸುವುದಕ್ಕೆ ಈ ನಷ್ಟ ಬೇಕಿಲ್ಲ.

ಮೊದಲು ಕಡತದ ಬಗೆ ನೋಡು. ಸ್ಕ್ಯಾನ್ ಮಾಡಿದವರು ಜೆಪೆಗ್ ಕೊಟ್ಟಿದ್ದರೆ ಅದನ್ನು ತೆರೆದು, ಏನನ್ನೂ ಮುಟ್ಟದೆ, ಪಿಎನ್‌ಜಿ ಅಥವಾ ಎಲ್‌ಝಡ್‌ಡಬ್ಲ್ಯೂ ಕ್ರಮದಲ್ಲಿ ಒತ್ತಿದ ಟಿಫ್ ಆಗಿ ಒಮ್ಮೆ ಉಳಿಸಿಕೋ. ಮುಂದಿನ ಕೆಲಸವೆಲ್ಲ ಅದರಲ್ಲೇ ನಡೆಯಲಿ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿ ಒತ್ತಿಡುತ್ತದೆ. ನೀನು ಒಂದು ಮೂಲೆಯಲ್ಲಿ ಒಂದೇ ಅಕ್ಷರ ತಿದ್ದಿ ಮತ್ತೆ ಜೆಪೆಗ್ ಆಗಿ ಉಳಿಸಿದರೂ ನಕ್ಷೆಯ ಎಲ್ಲ ತುಂಡುಗಳನ್ನೂ ಹೊಸದಾಗಿ ಒತ್ತಬೇಕಾಗುತ್ತದೆ. ಅಳತೆ ಬದಲಾಗದಿದ್ದರೂ ಪಿಕ್ಸೆಲ್ ಬದಲಾಗಿರುತ್ತದೆ. ಬಣ್ಣದ ಪಟ್ಟಿಗೆ ಕಟ್ಟಿದ, ಅಂದರೆ ಇಂಡೆಕ್ಸ್ಡ್ ಚಿತ್ರವಾಗಿದ್ದರೆ ಗಿಂಪ್‌ನಲ್ಲಿ `Image > Mode > RGB` ಮಾಡಿಕೋ. ಅದರಿಂದ ಯಾವ ಬಣ್ಣವೂ ಕೆಡುವುದಿಲ್ಲ. ಕೆಲಸ ಮುಗಿದ ಮೇಲೆ ಮತ್ತೆ ಇಂಡೆಕ್ಸ್ಡ್‌ಗೆ ಇಳಿಸಬೇಡ, ಆಗ ಬಣ್ಣಗಳು ಒಡೆದು ಚುಕ್ಕೆಯಾಗುತ್ತವೆ.

ಇನ್ನು ಅಳತೆ ಪಟ್ಟಿ. ಹೆಚ್ಚಿನವರು ಇಲ್ಲಿ ಪುಸ್ತಕದ ಲೆಕ್ಕ ಹಾಕುತ್ತಾರೆ: ಒಂದು ಮೈಲಿಗೆ ಒಂದಂಗುಲ, ಅಂಗುಲಕ್ಕೆ 300 ಪಿಕ್ಸೆಲ್, ಹಾಗಾದರೆ ಕಿಲೋಮೀಟರಿಗೆ 186.4, ಐದು ಕಿಲೋಮೀಟರಿಗೆ 932. ಲೆಕ್ಕ ಸರಿ, ಆದರೆ ನಿನ್ನ ಹಾಳೆಗೆ ಅದು ಸಲ್ಲುವುದಿಲ್ಲ. ಕಾಗದ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ನಕ್ಷೆಯೊಳಗಿನ ಮೈಲಿ ಎಷ್ಟು ಕುಗ್ಗಿದೆಯೋ ಅಂಚಿನಲ್ಲಿ ಅಚ್ಚಾದ ಪಟ್ಟಿಯೂ ಅಷ್ಟೇ ಕುಗ್ಗಿರುತ್ತದೆ. ಪಟ್ಟಿಯನ್ನು ಅಚ್ಚು ಹಾಕುವ ದೊಡ್ಡ ಪ್ರಯೋಜನವೇ ಅದು. ಆದ್ದರಿಂದ ಹೊಸ ಪಟ್ಟಿಯನ್ನು ಡಿಪಿಐಯಿಂದ ಹುಟ್ಟಿಸಬೇಡ, ಹಳೆಯ ಪಟ್ಟಿಯನ್ನು ಅಳೆದು ಅದರಿಂದ ಹುಟ್ಟಿಸು.

ಗಿಂಪ್‌ನ ಅಳೆಯುವ ಉಪಕರಣ ಹಿಡಿದು, ಚಿತ್ರವನ್ನು ದೊಡ್ಡದಾಗಿ ನೋಡುತ್ತಾ, ಸೊನ್ನೆಯ ಗೆರೆಯಿಂದ ನಾಲ್ಕು ಮೈಲಿಯ ಗೆರೆಯವರೆಗೆ ಅಳೆ. ಎಡಕ್ಕಿರುವ ಫರ್ಲಾಂಗಿನ ಭಾಗವನ್ನು ಸೇರಿಸಬೇಡ. ಹಿಂದೂಪುರದ ಹಾಳೆಯಲ್ಲಿ 1200 ಬರಬೇಕಿದ್ದಲ್ಲಿ 1194 ಬಂತು ಎಂದಿಟ್ಟುಕೋ. ಮೈಲಿಗೆ 298.5 ಆಯಿತು. ಅದನ್ನು 1.609344ರಿಂದ ಭಾಗಿಸಿದರೆ ಕಿಲೋಮೀಟರಿಗೆ 185.48. ಗೆರೆ ಎಳೆಯುವಾಗ 185ನ್ನು ಐದು ಸಲ ಕೂಡಿಸುತ್ತಾ ಹೋಗಬೇಡ, ಕೊನೆಗೆ 925ಕ್ಕೆ ನಿಲ್ಲುತ್ತೀಯ. ಪ್ರತಿ ಗೆರೆಯನ್ನೂ ಸೊನ್ನೆಯಿಂದಲೇ ಲೆಕ್ಕ ಹಾಕಿ ಆಮೇಲೆ ಪೂರ್ಣಾಂಕಕ್ಕೆ ತಾ: 185, 371, 556, 742, 927. ಹೀಗೆ ಮಾಡಿದರೆ ಯಾವ ಗೆರೆಯೂ ಅರ್ಧ ಪಿಕ್ಸೆಲ್‌ಗಿಂತ ಹೆಚ್ಚು ತಪ್ಪುವುದಿಲ್ಲ.

ಈ ಪಟ್ಟಿಯನ್ನು ಹಾಗೆಯೇ ಕಲ್ಯಾಣದುರ್ಗದ ಹಾಳೆಗೆ ಅಂಟಿಸುವ ಆಸೆ ಹುಟ್ಟುತ್ತದೆ. ಎರಡೂ ಒಂದೇ ಪ್ರಮಾಣದ ನಕ್ಷೆಗಳಲ್ಲವೇ. ಬೇಡ. ಅದು ಬೇರೆ ಕಾಗದ, ಬೇರೆ ಕಡೆ ಮಡಿಸಿಟ್ಟಿದ್ದದ್ದು. ಅಲ್ಲಿ ನಾಲ್ಕು ಮೈಲಿ 1203 ಬಂದರೆ ಐದು ಕಿಲೋಮೀಟರಿಗೆ 934 ಆಗುತ್ತದೆ. ಏಳು ಪಿಕ್ಸೆಲ್ ಅಲ್ಪವೆನಿಸಬಹುದು, ಆದರೆ ಪೂರ್ವ ಪಶ್ಚಿಮವಾಗಿ ಸುಮಾರು 27 ಕಿಲೋಮೀಟರ್ ಇರುವ ಹಾಳೆಯ ಈ ತುದಿಯಿಂದ ಆ ತುದಿಗೆ ಅದು 200 ಮೀಟರಿನ ತಪ್ಪು. ಕೆರೆಯ ಏರಿಯನ್ನು ದಾಟಿ ಆಚೆ ಹೋಗುವಷ್ಟು.

ನಿನ್ನ ಅಳತೆ ಸರಿಯೇ ಎಂದು ಪರೀಕ್ಷಿಸಲು ನಕ್ಷೆಯ ಚೌಕಟ್ಟೇ ಇದೆ. ಪ್ರತಿ ಹಾಳೆಯೂ 15 ನಿಮಿಷದ ಅಕ್ಷಾಂಶ, 15 ನಿಮಿಷದ ರೇಖಾಂಶ. ನಮ್ಮ ಸೀಮೆಯಲ್ಲಿ 15 ನಿಮಿಷದ ಅಕ್ಷಾಂಶ ಅಂದರೆ 27.66 ಕಿಲೋಮೀಟರ್, ಹಿಂದೂಪುರದ ಹಾಳೆಯ ಅಗಲ 27 ಕಿಲೋಮೀಟರಿಗೆ ತುಸು ಮೇಲೆ. ಚೌಕಟ್ಟಿನ ಅಗಲವನ್ನು ಪಿಕ್ಸೆಲ್‌ನಲ್ಲಿ ಅಳೆದು 185.48ರಿಂದ ಭಾಗಿಸು, 27ರ ಆಸುಪಾಸು ಬರಬೇಕು. ಎತ್ತರವನ್ನೂ ಹಾಗೆಯೇ ನೋಡು. ಅಗಲ ಹೊಂದಿ ಎತ್ತರ ಹೊಂದದಿದ್ದರೆ ಕಾಗದ ಎರಡು ದಿಕ್ಕಿಗೆ ಎರಡು ಬಗೆಯಲ್ಲಿ ಕುಗ್ಗಿದೆ ಎಂದರ್ಥ. ಅಡ್ಡಪಟ್ಟಿ ಅಡ್ಡ ದೂರವನ್ನಷ್ಟೇ ಸರಿಯಾಗಿ ಹೇಳಬಲ್ಲದು. ಆ ಅಂತರವನ್ನು ಸರಿಮಾಡಲು ನಕ್ಷೆಯನ್ನು ಎಳೆಯಬೇಡ. ವ್ಯತ್ಯಾಸ ಎಷ್ಟೆಂದು ಅಂಚಿನಲ್ಲಿ ಒಂದು ಸಾಲು ಬರೆ.

ಸ್ಕ್ಯಾನ್ ಓರೆಯಾಗಿ ಬಂದಿದ್ದರೂ ಇದೇ ನಿಯಮ. ಕೆಳ ಚೌಕಟ್ಟಿನ ಗೆರೆ ಎಡದಿಂದ ಬಲಕ್ಕೆ 5000 ಪಿಕ್ಸೆಲ್ ಸಾಗುವಷ್ಟರಲ್ಲಿ 22 ಪಿಕ್ಸೆಲ್ ಏರಿದ್ದರೆ ಓರೆ ಕಾಲು ಡಿಗ್ರಿ. ನಕ್ಷೆಯನ್ನು ನೇರ ಮಾಡಲು ಹೋಗಬೇಡ. ಹೊಸ ಪಟ್ಟಿಯ ಪದರವನ್ನೇ ಕಾಲು ಡಿಗ್ರಿ ತಿರುಗಿಸಿ ಚೌಕಟ್ಟಿಗೆ ಸಮಾನಾಂತರವಾಗಿ ಕೂರಿಸು. ಮಸುಕಾದರೆ ನಿನ್ನ ಹೊಸ ಗೆರೆ ಮಸುಕಾಗುತ್ತದೆ, ಅದನ್ನು ಮತ್ತೆ ಎಳೆಯಬಹುದು.

ಹಳೆಯ ಅಕ್ಷರ ಅಳಿಸಲು ಬಿಳಿ ಬಣ್ಣ ಬಳಿಯಬೇಡ. ಕಾಗದ ಹಳದಿಗೆ ತಿರುಗಿರುತ್ತದೆ, ಬಿಳಿ ಚೌಕ ಗಾಯದ ಹಾಗೆ ಕಾಣುತ್ತದೆ. ಅದೇ ಅಂಚಿನ ಖಾಲಿ ಜಾಗದಿಂದ ಒಂದು ಆಯತ ನಕಲು ಮಾಡಿ ಹೊಸ ಪದರದಲ್ಲಿ ಮೇಲೆ ಹೊದಿಸು. ಚೌಕಟ್ಟಿನ ಗೆರೆಗೂ ಡಿಗ್ರಿಯ ಗುರುತುಗಳಿಗೂ ಅದು ತಾಕದಿರಲಿ. ಸೂಚಿಯಲ್ಲಿ ಅಕ್ಷರಗಳನ್ನು ಮಾತ್ರ ಹೊದಿಸು, ಎಡಕ್ಕಿರುವ ಚಿಹ್ನೆಗಳನ್ನು ಹಾಗೆಯೇ ಬಿಡು. ನಕ್ಷೆಯೊಳಗಿನ ಚಿಹ್ನೆಯೂ ಸೂಚಿಯ ಚಿಹ್ನೆಯೂ ಒಂದೇ ಅಚ್ಚಿನವಾಗಿದ್ದರೇ ಮಕ್ಕಳಿಗೆ ಗುರುತು ಸಿಗುವುದು.

ಸೂಚಿಯ ಮಾತು ಬರೆಯುವಾಗ ಎಚ್ಚರ ಹೆಚ್ಚು ಬೇಕು. ನಕ್ಷೆಯ ಒಳಗನ್ನು ನೀನು ಮುಟ್ಟುತ್ತಿಲ್ಲ, ಆದ್ದರಿಂದ ಒಳಗೆ PO ಎಂದು ಅಚ್ಚಾದದ್ದು PO ಆಗಿಯೇ ಇರುತ್ತದೆ. ಸೂಚಿಯಲ್ಲಿ ಬರೀ ‘ಅಂಚೆ ಕಚೇರಿ’ ಎಂದು ಬರೆದರೆ ಮಗು ಏನನ್ನು ಹುಡುಕಬೇಕು? ‘PO – ಅಂಚೆ ಕಚೇರಿ’, ‘RF – ಮೀಸಲು ಅರಣ್ಯ’ ಎಂದು ಬರೆ. ಇದಕ್ಕಿಂತ ದೊಡ್ಡ ತಪ್ಪು ಎತ್ತರದ್ದು. ಅಳತೆ ಪಟ್ಟಿ ಕಿಲೋಮೀಟರಿಗೆ ಬಂತೆಂದು ಅದೇ ಕೈಯಲ್ಲಿ ‘ಎತ್ತರ ಅಡಿಗಳಲ್ಲಿ’ ಎಂಬುದನ್ನು ‘ಮೀಟರುಗಳಲ್ಲಿ’ ಎಂದು ಬದಲಿಸಿಬಿಡುತ್ತಾರೆ. ಗೆರೆಗಳ ಮೇಲಿನ ಅಂಕಿಗಳು ಅಡಿಯಲ್ಲೇ ಉಳಿದಿರುತ್ತವೆ; ಎರಡು ಸಾವಿರ ಅಡಿಯ ನೆಲ ಎರಡು ಸಾವಿರ ಮೀಟರಿನ ಪರ್ವತವಾಗುತ್ತದೆ. ಒಳಗಿನ ಅಂಕಿಯನ್ನು ವಿವರಿಸುವ ಯಾವ ಸಾಲಿನ ಮಾನವನ್ನೂ ಬದಲಿಸಬೇಡ. ಹಾಳೆಯ ಸಂಖ್ಯೆ, ಸರ್ವೆಯ ವರ್ಷ, ಮುದ್ರಣದ ವಿವರಗಳನ್ನೂ ಮುಚ್ಚಬೇಡ.

ಅಕ್ಷರದ ಗಾತ್ರಕ್ಕೆ ಬಂದರೆ, ಆರು ಪಾಯಿಂಟಿನ ಇಂಗ್ಲಿಷ್ ಅಕ್ಷರಕ್ಕೆ 300 ಡಿಪಿಐಯಲ್ಲಿ 25 ಪಿಕ್ಸೆಲ್ ಸಾಕು. ಕನ್ನಡಕ್ಕೆ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಎಂಟು ಪಾಯಿಂಟಿಗೆ, ಅಂದರೆ 33 ಪಿಕ್ಸೆಲ್‌ಗೆ ಕಡಿಮೆ ಮಾಡಬೇಡ. ಸಾಲುಗಳು ಒಂದಕ್ಕೊಂದು ತಾಗುವಂತಿದ್ದರೆ ಮಾತನ್ನು ಚಿಕ್ಕದು ಮಾಡು: ‘ಪಾಳುಬಿದ್ದ ಊರಿನ ಜಾಗ’ ಬೇಡ, ‘ಹಾಳೂರು’ ಸಾಕು. ಯೂನಿಕೋಡ್ ಫಾಂಟ್ ಬಳಸಿ ಪಠ್ಯವನ್ನು ಪಠ್ಯದ ಪದರವಾಗಿಯೇ ಇಟ್ಟುಕೊಂಡರೆ ಮುಂದೆ ತಿದ್ದಲು ಸುಲಭ.

ನಕ್ಷೆಗೆ ಭೂನಿರ್ದೇಶಾಂಕ ಕೂಡಿಸಿದ್ದರೆ ಇನ್ನೊಂದು ಅಪಾಯವಿದೆ. ಚಿತ್ರ ತಿದ್ದುವ ಎಷ್ಟೋ ತಂತ್ರಾಂಶಗಳು ಉಳಿಸುವಾಗ ಆ ಗುರುತುಗಳನ್ನು ಬಿಟ್ಟುಬಿಡುತ್ತವೆ. ಚಿತ್ರದ ಅಗಲ ಎತ್ತರ ಒಂದು ಪಿಕ್ಸೆಲೂ ಬದಲಾಗದಿದ್ದರೆ ಆ ಗುರುತುಗಳನ್ನು ಮೊದಲೇ ಬರೆದಿಟ್ಟುಕೊಂಡು ಹಾಗೇ ಮರಳಿಸಬಹುದು:

```
listgeo -no_norm G5.tif > G5.geo
geotifcp -g G5.geo G5-kannada.tif G5-geo.tif
```

ಇನ್ನೂ ನಿರ್ದೇಶಾಂಕ ಕೂಡಿಸಿಲ್ಲದಿದ್ದರೆ ಅಂಚಿನ ಕೆಲಸ ಮುಗಿಸಿ ಆಮೇಲೆ ಕೂಡಿಸು. ಕ್ಯೂಜಿಐಎಸ್‌ನಲ್ಲಿ `Linear` ಆರಿಸಿ, ವರ್ಲ್ಡ್ ಫೈಲ್ ಮಾತ್ರ ಸೃಷ್ಟಿಸುವ ಆಯ್ಕೆಗೆ ಗುರುತು ಹಾಕಿದರೆ ಚಿತ್ರ ಇದ್ದಂತೆಯೇ ಉಳಿಯುತ್ತದೆ. ಓರೆ ಹೆಚ್ಚಿರುವ ಹಾಳೆಗೆ ಮಾತ್ರ ಈ ದಾರಿ ಹೊಂದುವುದಿಲ್ಲ, ಏಕೆಂದರೆ ಲೀನಿಯರ್ ಕ್ರಮ ತಿರುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊನೆಗೆ ಪರೀಕ್ಷೆ. ತಿದ್ದಿದ ಚಿತ್ರವನ್ನು ತೆರೆದು, ಮೂಲ ಸ್ಕ್ಯಾನನ್ನು ಅದರ ಮೇಲೆ ಪದರವಾಗಿ ಇಟ್ಟು, ಪದರದ ಬಗೆಯನ್ನು `Difference` ಮಾಡು. ಬದಲಾಗದ ಕಡೆಯೆಲ್ಲ ಕಪ್ಪು, ನಿನ್ನ ತೇಪೆ ಇದ್ದಲ್ಲಿ ಮಾತ್ರ ಬೆಳಕು ಕಾಣಬೇಕು. ಮಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಎರಡನ್ನೂ ಒಂದೇ ಪದರವಾಗಿ ಬೆಸೆದು `Colors > Threshold`ನಲ್ಲಿ ಕೆಳಮಿತಿಯನ್ನು 1ಕ್ಕೆ ಇಳಿಸಿ ನೋಡು. ನಕ್ಷೆಯ ತುಂಬ ಗೆರೆಗಳ ನೆರಳು ಮೂಡಿದರೆ ಎಲ್ಲೋ ರೀಸ್ಯಾಂಪಲ್ ಆಗಿದೆ, ಅಥವಾ ಪದರ ಒಂದು ಪಿಕ್ಸೆಲ್ ಜರುಗಿದೆ. 8×8 ಚೌಕಗಳ ಬಲೆ ಕಂಡರೆ ನಡುವೆ ಜೆಪೆಗ್ ನುಗ್ಗಿದೆ. ಎರಡರಲ್ಲಿ ಯಾವುದು ಕಂಡರೂ ಆ ಕಡತವನ್ನು ಬಿಟ್ಟು ಮೂಲದಿಂದ ಮತ್ತೆ ಹೊರಡು. ಕೆಟ್ಟ ಪಿಕ್ಸೆಲನ್ನು ತಿದ್ದಿ ಮೊದಲಿನಂತೆ ಮಾಡಲು ಬರುವುದಿಲ್ಲ.

ಎಲ್ಲ ಸರಿಯಿದ್ದರೆ ಪಟ್ಟಿಯ ಕೆಳಗೆ ಸಣ್ಣದಾಗಿ ಹೀಗೆ ಬರೆ: ‘ಅಳತೆ ಪಟ್ಟಿಯನ್ನು ಮೂಲದ ಮೈಲಿ ಪಟ್ಟಿಯಿಂದ ಲೆಕ್ಕ ಹಾಕಿ ಕಿಲೋಮೀಟರಿನಲ್ಲಿ ಎಳೆಯಲಾಗಿದೆ, ಸೂಚಿಯ ಕನ್ನಡ ಹೊಸದು, ನಕ್ಷೆ ಮೂಲದ್ದು, ಎತ್ತರಗಳು ಅಡಿಗಳಲ್ಲಿ.’ ಮುಂದೆ ಈ ಹಾಳೆಯ ಮೇಲೆ ಅಡಿಕೋಲು ಇಡುವವರಿಗೆ ಯಾವುದು ಸರ್ವೆಯವರ ಕೈ, ಯಾವುದು ನಿನ್ನ ಕೈ ಎಂಬುದು ಆ ಸಾಲಿನಿಂದ ತಿಳಿಯುತ್ತದೆ.